ಪಾಠ 12: ಸೀಸೆಯಲ್ಲೂ 40, ಸಿರಿಂಜಿನಲ್ಲೂ 40

ನಾವು ಇಬ್ಬರು ಓರಗಿತ್ತಿಯರು. ನಮ್ಮ ಗಂಡಂದಿರು ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುತ್ತಾರೆ. ಊರಲ್ಲಿ ಇರುವುದು ನಾವು, ಮಕ್ಕಳು ಮತ್ತು ನಮ್ಮ ಅತ್ತೆ. ನಾವಿಬ್ಬರೂ ಊರಿನ ಕಲಿಕಾ ಕೇಂದ್ರಕ್ಕೆ ಹೋಗಿ ಓದು ಬರಹ ಕಲಿತೆವು. ಔಷಧಿ ಅಂಗಡಿಯ ಒಬ್ಬ ಅಣ್ಣ ನಮಗೆ ಮಾಡಿದ ಉಪಕಾರವನ್ನು ಇಲ್ಲಿ ಹೇಳುತ್ತೇವೆ.

ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ. ಮೊದಲು ಮಾತ್ರೆ ನುಂಗುತ್ತಿದ್ದರು. ಮಾತ್ರೆಯಲ್ಲಿ ಸಕ್ಕರೆ ಹಿಡಿತಕ್ಕೆ ಬರಲಿಲ್ಲ. ಕಾಲಿನಲ್ಲಿ ಒಂದು ಗಾಯ ಆಗಿ ಒಣಗದೆ ಹಾಗೇ ಉಳಿಯಿತು. ಡಾಕ್ಟರು ನೋಡಿ ಇನ್ಸುಲಿನ್ ಬರೆದುಕೊಟ್ಟರು. ಬೆಳಿಗ್ಗೆ ಊಟಕ್ಕೆ ಮೊದಲು 20 ಯೂನಿಟ್. ರಾತ್ರಿ ಊಟಕ್ಕೆ ಮೊದಲು 12 ಯೂನಿಟ್. ಸೂಜಿ ಹಾಕುವುದನ್ನು ಆಸ್ಪತ್ರೆಯ ನರ್ಸಮ್ಮ ನಮಗೆ ಕಲಿಸಿದರು.

ಔಷಧಿಯನ್ನು ತಾಲೂಕಿನ ಒಂದು ಸಣ್ಣ ಅಂಗಡಿಯಲ್ಲಿ ತಗೊಂಡೆವು. ಆ ಅಂಗಡಿಯ ಅಣ್ಣ ಸೀಸೆ ಕೊಟ್ಟರು, ಸಿರಿಂಜು ಕೊಟ್ಟರು. ಒಂದು ನೋಟ್ ಪುಸ್ತಕದಲ್ಲಿ ಅತ್ತೆಯ ಹೆಸರು, ಊರ ಹೆಸರು, ತಾರೀಖು ಬರೆದುಕೊಂಡರು. "ಈ ಸೀಸೆ 12 ದಿನ ಬರುತ್ತದೆ. ಮುಗಿಯುವ ಮೊದಲೇ ಬನ್ನಿ ಅಕ್ಕ" ಅಂದರು. ಆ ಮಾತನ್ನು ಆಗ ನಾವು ಅಷ್ಟಾಗಿ ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಮೊದಲನೆಯ ಸೀಸೆ 12 ದಿನಕ್ಕೆ ಮುಗಿಯಿತು. ಅತ್ತೆ ಸ್ವಲ್ಪ ಗೆಲುವಾದರು. ಎರಡನೆಯ ಸೀಸೆಗೆ ಹೋದಾಗ ಆ ಅಂಗಡಿಯಲ್ಲಿ ಸಿರಿಂಜು ಮುಗಿದಿತ್ತು. "ನಾಳೆ ಬರುತ್ತದೆ" ಅಂದರು ಅಣ್ಣ. ನಾಳೆ ಮತ್ತೆ ಬರಬೇಕೆಂದರೆ ಒಂದು ದಿನದ ಕೂಲಿ ಹೋಗುತ್ತದೆ. ಬಸ್ಸಿಗೂ ಹೊತ್ತಾಗಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಇನ್ನೊಂದು ಅಂಗಡಿಗೆ ಹೋಗಿ "ಇನ್ಸುಲಿನ್ ಸಿರಿಂಜು ಕೊಡಿ" ಅಂತ ಕೇಳಿದೆವು. ಕೊಟ್ಟರು. ನಮ್ಮ ಸೀಸೆ ಯಾವುದು ಅಂತ ಅವರು ಕೇಳಲಿಲ್ಲ. ನಾವೂ ತೋರಿಸಲಿಲ್ಲ.

ಹೊಸ ಸಿರಿಂಜಿನ ಮುಚ್ಚಳ ಕಿತ್ತಳೆ ಬಣ್ಣದ್ದು. ಹಳೆಯದರ ಮುಚ್ಚಳ ಕೆಂಪು. ಬಣ್ಣ ಬೇರೆ ಇದ್ದರೆ ಏನಂತೆ ಅಂದುಕೊಂಡೆವು. ಬೆಳಿಗ್ಗೆ 20ರ ಗೆರೆಯವರೆಗೆ ಎಳೆದೆವು. ರಾತ್ರಿ 12ರ ಗೆರೆಯವರೆಗೆ ಎಳೆದೆವು. ಒಂದು ಹೊತ್ತೂ ತಪ್ಪಿಸಲಿಲ್ಲ.

ಐದಾರು ದಿನಕ್ಕೆ ಅತ್ತೆಗೆ ಮತ್ತೆ ಬಾಯಾರಿಕೆ ಹೆಚ್ಚಾಯಿತು. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಎದ್ದರು. ಕಾಲು ಸೋತುಹೋಗುತ್ತದೆ ಅಂದರು. ಒಣಗುತ್ತಿದ್ದ ಗಾಯ ಮತ್ತೆ ಹಸಿಯಾಯಿತು. "ಈ ಸೂಜಿ ಇವರಿಗೆ ಒಗ್ಗಲಿಲ್ಲ, ಬಿಟ್ಟುಬಿಡಿ" ಅಂದರು ಒಬ್ಬರು. "ಐದು ಗೆರೆ ಜಾಸ್ತಿ ಹಾಕಿ" ಅಂದರು ಇನ್ನೊಬ್ಬರು. ಏನು ಮಾಡಬೇಕೋ ನಮಗೆ ತಿಳಿಯಲಿಲ್ಲ. ಆದರೆ ಸೀಸೆ ಮಾತ್ರ ಬೇಗ ಖಾಲಿ ಆಗುತ್ತಿರಲಿಲ್ಲ. ಈ ಸಲ ಔಷಧಿ ಉಳಿತಾಯ ಆಯಿತು ಅಂತ ನಾವು ಖುಷಿಪಟ್ಟೆವು. ಅದೇ ನಮ್ಮ ತಪ್ಪು.

ಹದಿನಾರನೆಯ ದಿನ ಸಂಜೆ ಮನೆ ಮುಂದೆ ಒಂದು ಬೈಕು ನಿಂತಿತು. ನೋಡಿದರೆ ಔಷಧಿ ಅಂಗಡಿಯ ಅಣ್ಣ! ಅಂಗಡಿಯನ್ನು ಬೇಗ ಮುಚ್ಚಿ 9 ಕಿಲೋಮೀಟರ್ ಬಂದಿದ್ದರು. ಹಾಲಿನ ಡೇರಿಯ ಹತ್ತಿರ ಅತ್ತೆಯ ಹೆಸರು ಹೇಳಿ ಮನೆ ಹುಡುಕಿದ್ದರು.

"ಅಕ್ಕ, ಎರಡನೆಯ ಸೀಸೆ ಮುಗಿದು ನಾಲ್ಕು ದಿನ ಆಗಿರಬೇಕು. ನೀವು ಬರಲೇ ಇಲ್ಲ. ದುಡ್ಡಿಲ್ಲದೆ ಸೂಜಿ ನಿಲ್ಲಿಸಿಬಿಟ್ಟಿರೋ ಅಂತ ಯೋಚನೆ ಆಯಿತು" ಅಂದರು.

"ನಿಲ್ಲಿಸಿಲ್ಲ ಅಣ್ಣ. ಇನ್ನೂ ಅರ್ಧ ಸೀಸೆ ಇದೆ" ಅಂದೆವು.

ಅವರ ಮುಖ ಬದಲಾಯಿತು. "ಸೀಸೆ, ಸಿರಿಂಜು ಎರಡೂ ತನ್ನಿ" ಅಂದರು. ತಂಪಿಗೆ ಇಟ್ಟಿದ್ದ ಸೀಸೆ ತಂದುಕೊಟ್ಟೆವು. ಸಿರಿಂಜೂ ಕೊಟ್ಟೆವು. ಅವರು ಎರಡನ್ನೂ ದೀಪದ ಕೆಳಗೆ ಹಿಡಿದರು. "ನೀವು ಓದಲು ಕಲಿತಿದ್ದೀರಲ್ಲ, ಓದಿ" ಅಂದರು.

ಸೀಸೆಯ ಮೇಲೆ ಇಂಗ್ಲಿಷಿನ ಸಣ್ಣ ಅಕ್ಷರ. ಅದು ನಮಗೆ ಬರುವುದಿಲ್ಲ. ಆದರೆ ನಡುವೆ ಅಂಕಿ ಇತ್ತು. ಓದಿದೆವು: 40. ಸಿರಿಂಜಿನ ಮೇಲೆ ಓದಿದೆವು: 100.

"ಇದೇ ನೋಡಿ ಎಡವಟ್ಟು" ಅಂದರು ಅಣ್ಣ.

ಅವರು ಚೀಲದಿಂದ ಒಂದು ಕೆಂಪು ಮುಚ್ಚಳದ ಸಿರಿಂಜು ತೆಗೆದರು. ಲೋಟದಲ್ಲಿ ನೀರು ಕೇಳಿದರು. ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ನೀರು ಎಳೆದರು. ಕಿತ್ತಳೆ ಮುಚ್ಚಳದ್ದರಲ್ಲೂ 20ರ ಗೆರೆಯವರೆಗೆ ಎಳೆದರು. ಎರಡನ್ನೂ ಪಕ್ಕಪಕ್ಕ ಹಿಡಿದರು. ಕೆಂಪು ಮುಚ್ಚಳದ ಸಿರಿಂಜು ಅರ್ಧ ತುಂಬಿತ್ತು. ಕಿತ್ತಳೆ ಮುಚ್ಚಳದ್ದು ಐದರಲ್ಲಿ ಒಂದು ಪಾಲು ಮಾತ್ರ ತುಂಬಿತ್ತು. ಎರಡರಲ್ಲೂ ಗೆರೆ 20. ನೀರು ಮಾತ್ರ ಬೇರೆ ಬೇರೆ!

"ಮಜ್ಜಿಗೆ ಲೆಕ್ಕದಲ್ಲಿ ಹೇಳುತ್ತೇನೆ" ಅಂದರು. "40ರ ಔಷಧಿ ನೀರು ಮಜ್ಜಿಗೆ ಇದ್ದ ಹಾಗೆ. 100ರ ಔಷಧಿ ಗಟ್ಟಿ ಮಜ್ಜಿಗೆ ಇದ್ದ ಹಾಗೆ. ಗಟ್ಟಿಯದು ಸ್ವಲ್ಪವೇ ಸಾಕು. ಅದಕ್ಕೆ 100ರ ಸಿರಿಂಜಿನಲ್ಲಿ ಗೆರೆಗಳು ಒತ್ತೊತ್ತಾಗಿವೆ. ನಿಮ್ಮ ಔಷಧಿ ತೆಳುವಾದದ್ದು. ಅದನ್ನು ಗಟ್ಟಿ ಔಷಧಿಯ ಅಳತೆಯಲ್ಲಿ ಎಳೆದಿರಿ. ಅಜ್ಜಿಗೆ 20 ಯೂನಿಟ್ ಹೋಗಬೇಕಾದ ಕಡೆ 8 ಮಾತ್ರ ಹೋಯಿತು. ರಾತ್ರಿ 12 ಹೋಗಬೇಕಾದ ಕಡೆ 5 ಕೂಡ ಪೂರ್ತಿ ಹೋಗಲಿಲ್ಲ."

ಹದಿನಾರು ದಿನ ಅತ್ತೆಗೆ ಅರ್ಧದಷ್ಟೂ ಔಷಧಿ ಹೋಗಿರಲಿಲ್ಲ. ನಮಗೆ ಅಳು ಬಂತು.

"ನಾಳೆ ನೀವು ಬೇರೆ ಡಾಕ್ಟರ ಹತ್ತಿರ ಹೋಗಿದ್ದರೆ ಇನ್ನೂ ಕಷ್ಟ ಇತ್ತು" ಅಂದರು ಅಣ್ಣ. "ರಕ್ತದಲ್ಲಿ ಸಕ್ಕರೆ ಜಾಸ್ತಿ ಇದೆ ಅಂತ ಅವರು 20ರ ಬದಲು 30 ಬರೆಯುತ್ತಿದ್ದರು. ಆಮೇಲೆ ನನ್ನ ಹತ್ತಿರ ಸರಿಯಾದ ಸಿರಿಂಜು ತಗೊಳ್ಳುತ್ತಿದ್ದಿರಿ. ಆಗ 30 ಪೂರ್ತಿ ಹೋಗಿ ಸಕ್ಕರೆ ಒಮ್ಮೆಲೇ ಇಳಿಯುತ್ತಿತ್ತು. ಸಕ್ಕರೆ ತೀರಾ ಇಳಿದರೆ ಜೀವಕ್ಕೇ ಅಪಾಯ."

"ಹಾಗಾದರೆ ಈಗ ಜಾಸ್ತಿ ಹಾಕಿ ಸರಿಮಾಡೋಣವೇ?" ಅಂತ ಕೇಳಿದೆವು.

"ಬೇಡ ಬೇಡ. ಹೋದದ್ದನ್ನು ತುಂಬಲು ಜಾಸ್ತಿ ಹಾಕಲೇಬಾರದು" ಅಂದರು. ನಮ್ಮ ಮುಂದೆಯೇ ಡಾಕ್ಟರಿಗೆ ಫೋನ್ ಮಾಡಿದರು. ಬರೆದಷ್ಟೇ, ಅಂದರೆ 12 ಯೂನಿಟ್, ಸರಿಯಾದ ಸಿರಿಂಜಿನಲ್ಲಿ ಕೊಡಿ, ಬೆಳಿಗ್ಗೆ ಕರೆತನ್ನಿ ಅಂತ ಡಾಕ್ಟರು ಹೇಳಿದರು. ಆ ರಾತ್ರಿ ಅಣ್ಣನ ಎದುರಿಗೇ ಸೂಜಿ ಹಾಕಿದೆವು. ಅತ್ತೆ ಮುದ್ದೆ ಉಂಡರು. ಅಣ್ಣ ಒಂದು ಚೀಟಿಯಲ್ಲಿ ನಡೆದದ್ದನ್ನೆಲ್ಲ ಬರೆದು, ಡಾಕ್ಟರಿಗೆ ಕೊಡಿ ಅಂದರು. ಪೆಟ್ರೋಲಿನ ದುಡ್ಡು ಕೊಡಲು ಹೋದರೆ ತಗೊಳ್ಳಲಿಲ್ಲ. ಒಂದು ಲೋಟ ಮಜ್ಜಿಗೆ ಕುಡಿದು ಹೊರಟರು.

ಮಾರನೆಯ ದಿನ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ಬರೀ ಹೊಟ್ಟೆಯಲ್ಲಿ ಸಕ್ಕರೆ 310 ಇತ್ತು. ಡಾಕ್ಟರು ಚೀಟಿ ಓದಿದರು. ಔಷಧಿಯ ಅಳತೆ ಬದಲಾಯಿಸಲಿಲ್ಲ. ಗಾಯಕ್ಕೆ ಪಟ್ಟಿ ಕಟ್ಟಿಸಿದರು. ಮೂರು ವಾರ ಬಿಟ್ಟು ನೋಡಿದಾಗ ಸಕ್ಕರೆ 140ಕ್ಕೆ ಬಂದಿತ್ತು. ನಿಧಾನಕ್ಕೆ ಗಾಯವೂ ಒಣಗಿತು. ಈಗ ಅತ್ತೆ ಹಿತ್ತಲಿನ ತನಕ ತಾವೇ ನಡೆದು ಹೋಗುತ್ತಾರೆ.

ಆ ಅಣ್ಣನಿಗೆ ಬಾಯಲ್ಲಿ ಎಷ್ಟು ಹೇಳಿದರೂ ನಮಗೆ ಸಾಕಾಗಲಿಲ್ಲ. ಇಬ್ಬರೂ ಕೂತು ಒಂದು ಕಾಗದ ಬರೆದೆವು. ಅದು ನಮ್ಮ ಜೀವನದ ಮೊದಲನೆಯ ಕಾಗದ.

"ಅಣ್ಣನವರಿಗೆ ನಮಸ್ಕಾರ. ನಾವು ಬರಲಿಲ್ಲ ಅಂತ ನೀವು ನಮ್ಮನ್ನು ಹುಡುಕಿಕೊಂಡು ಬಂದಿರಿ. ಪುಸ್ತಕ ನೋಡಿ ದಿನ ಎಣಿಸಿದಿರಿ. ಅದರಿಂದ ನಮ್ಮ ಅತ್ತೆ ಉಳಿದರು. ನಮ್ಮನ್ನು ಬೈಯಲಿಲ್ಲ. ನಮ್ಮ ಕೈಯಲ್ಲೇ ಓದಿಸಿದಿರಿ. ಈಗ ನಾವು ಪ್ರತಿ ಸಲ ಓದಿಯೇ ಸೂಜಿ ಹಾಕುತ್ತೇವೆ. ನಿಮ್ಮ ಉಪಕಾರ ಮರೆಯುವುದಿಲ್ಲ."

ಆ ಕಾಗದವನ್ನು ಅವರು ನೋಟ್ ಪುಸ್ತಕದ ಒಳಗೆ ಇಟ್ಟುಕೊಂಡಿದ್ದಾರೆ.

ತಿಳಿದುಕೊಳ್ಳೋಣ

1. ಇನ್ಸುಲಿನ್ ಸೀಸೆಯ ಮೇಲೆ 40 ಅಥವಾ 100 ಅಂತ ಅಂಕಿ ಇರುತ್ತದೆ. ಸಿರಿಂಜಿನ ಮೇಲೂ ಇರುತ್ತದೆ. ಎರಡೂ ಒಂದೇ ಇರಬೇಕು. ಸಾಮಾನ್ಯವಾಗಿ 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಮುಚ್ಚಳ. ಆದರೆ ಬಣ್ಣ ನಂಬಬೇಡಿ. ಅಂಕಿ ಓದಿ.

2. ಸಿರಿಂಜು ತಗೊಳ್ಳಲು ಹೋಗುವಾಗ ಸೀಸೆಯ ಖಾಲಿ ಡಬ್ಬಿ ಜೊತೆಗೆ ಇರಲಿ. ಅಂಗಡಿಯಲ್ಲಿ ತೋರಿಸಿ.

3. 100ರ ಔಷಧಿಯನ್ನು 40ರ ಸಿರಿಂಜಿನಲ್ಲಿ ಎಳೆದರೆ ಇನ್ನೂ ಅಪಾಯ. 20 ಅಂತ ಎಳೆದರೆ 50 ಯೂನಿಟ್ ಹೋಗುತ್ತದೆ. ಆಗ ಸಕ್ಕರೆ ತೀರಾ ಇಳಿಯುತ್ತದೆ. ಬೆವರು, ನಡುಕ, ವಿಪರೀತ ಹಸಿವು, ಮಾತು ತೊದಲುವುದು ಅದರ ಗುರುತು. ಎಚ್ಚರ ಇದ್ದರೆ ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಡಾಕ್ಟರಿಗೆ ತೋರಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ. 108ಕ್ಕೆ ಫೋನ್ ಮಾಡಿ.

ಲೆಕ್ಕ ಮಾಡೋಣ

40ರ ಔಷಧಿ ಇರುವ 10 ಎಂ.ಎಲ್. ಸೀಸೆಯಲ್ಲಿ ಒಟ್ಟು 400 ಯೂನಿಟ್ ಇರುತ್ತದೆ. ಅತ್ತೆಗೆ ದಿನಕ್ಕೆ 20 ಮತ್ತು 12, ಕೂಡಿದರೆ 32 ಯೂನಿಟ್. 400ರಲ್ಲಿ 32 ಎಷ್ಟು ಸಲ ಹೋಗುತ್ತದೆ? 12 ಸಲ, ಮೇಲೆ ಸ್ವಲ್ಪ ಉಳಿಯುತ್ತದೆ. ಅಂದರೆ ಸೀಸೆ 12 ದಿನ ಬರುತ್ತದೆ. ಸೀಸೆ ತುಂಬಾ ಹೆಚ್ಚು ದಿನ ಬಂದರೂ, ತುಂಬಾ ಬೇಗ ಮುಗಿದರೂ ಅಳತೆ ತಪ್ಪಿರಬಹುದು. ಕೇಳಿ ತಿಳಿದುಕೊಳ್ಳಿ.

ಉತ್ತರ ಬರೆಯಿರಿ

1. ಅಂಗಡಿಯ ಅಣ್ಣನಿಗೆ ಯಾಕೆ ಅನುಮಾನ ಬಂತು?
2. ಸೀಸೆಯಲ್ಲಿ ಅರ್ಧ ಔಷಧಿ ಯಾಕೆ ಉಳಿದಿತ್ತು?
3. ನಿಮ್ಮ ಅಕ್ಕಪಕ್ಕ ಯಾರಾದರೂ ಇನ್ಸುಲಿನ್ ತಗೊಳ್ಳುತ್ತಾರೆಯೇ? ಅವರ ಸೀಸೆ, ಸಿರಿಂಜಿನ ಮೇಲಿನ ಅಂಕಿ ನೋಡಿ ಬರೆಯಿರಿ.
4. ಕಾಯಿಲೆಯ ಸಮಯದಲ್ಲಿ ನಿಮಗೆ ಸಹಾಯ ಮಾಡಿದ ಒಬ್ಬರಿಗೆ ನಾಲ್ಕು ಸಾಲಿನ ಕಾಗದ ಬರೆಯಿರಿ.