'ಇನ್ನು ಮುಂದೆ' ಅಂದ್ರೆ ಯಾವತ್ತಿನಿಂದ?

ನಮ್ಮ ಸೀನಿಯರ್ ಒಬ್ರು ಕೆಲಸಕ್ಕೆ ಸೇರಿ ವರ್ಷ ತುಂಬುವ ಹೊತ್ತಿಗೆ ಅವರ ಆಫೀಸಿನಲ್ಲಿ ಒಂದು ಮೇಲ್ ಬಂತು. ಬಂದದ್ದು 2024ರ ಜೂನ್ 27, ಗುರುವಾರ ಸಂಜೆ. ಅದರ ಸಾರಾಂಶ ಇಷ್ಟೇ:

"ಕಚೇರಿ ಸಮಯದಲ್ಲಿ ಸಣ್ಣ ಬದಲಾವಣೆ ಮಾಡಲಾಗಿದೆ. ಜುಲೈನಿಂದ ಬೆಳಿಗ್ಗೆ 9ರಿಂದ ಸಂಜೆ 6:30. ಇನ್ನು ಮುಂದೆ ರಜೆಗಳ ನಡುವೆ ಬರುವ ಶನಿವಾರ, ಭಾನುವಾರಗಳನ್ನೂ ರಜೆಯೆಂದೇ ಎಣಿಸಲಾಗುವುದು. ಎಲ್ಲರೂ ಸಹಕರಿಸಬೇಕು."

ಓದೋಕೆ ಸಲೀಸಾಗಿದೆ, ತಪ್ಪು ಎಲ್ಲಿದೆ ಅಂತ ಗೊತ್ತಾಗೋದಿಲ್ಲ. ಮೊದಲು ಸಮಯದ ಲೆಕ್ಕ ನೋಡೋಣ. ಹಿಂದೆ ಇದ್ದದ್ದು 9:30ರಿಂದ 6:30. ಊಟದ ಒಂದು ಗಂಟೆ ಕಳೆದರೆ ದಿನಕ್ಕೆ 8 ಗಂಟೆ, ಐದು ದಿನಕ್ಕೆ 40. ಹೊಸ ಸಮಯದಲ್ಲಿ ದಿನಕ್ಕೆ ಎಂಟೂವರೆ, ವಾರಕ್ಕೆ 42.5. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಹಾಕಿದೆ, ಆದ್ದರಿಂದ ಇದು ಮಿತಿಯೊಳಗೇ ಇದೆ. ಆದರೆ 'ಸಣ್ಣ ಬದಲಾವಣೆ' ಅನ್ನೋ ಮಾತು ವಾರಕ್ಕೆ ಎರಡೂವರೆ ಗಂಟೆಯನ್ನು ಮುಚ್ಚಿಟ್ಟಿತು. ಹಳೆಯ ಸಮಯವನ್ನೂ ಹೊಸದನ್ನೂ ಅಕ್ಕಪಕ್ಕ ಬರೆದಿದ್ರೆ ಓದಿದವರಿಗೆ ತಕ್ಷಣ ತಿಳಿಯುತ್ತಿತ್ತು.

ನಿಜವಾದ ಪೆಟ್ಟು ಬಿದ್ದದ್ದು ರಜೆಯಲ್ಲಿ. ನಮ್ಮ ಸೀನಿಯರ್ ಅಕ್ಕನ ಮದುವೆಗೆಂದು ಜೂನ್ 28 ಶುಕ್ರವಾರ ಮತ್ತು ಜುಲೈ 1 ಸೋಮವಾರ ರಜೆ ಹಾಕಿದ್ದರು. ಜೂನ್ 10ರಂದೇ ಅದು ಮಂಜೂರಾಗಿತ್ತು. ಉಳಿದಿದ್ದ ರಜೆ 3 ದಿನ, ಬಳಸೋದು 2, ಇನ್ನೂ ಒಂದು ಕೈಯಲ್ಲಿರುತ್ತೆ ಅಂದುಕೊಂಡು ಊರಿಗೆ ಹೋದರು. ಜುಲೈ ಸಂಬಳದ ಚೀಟಿಯಲ್ಲಿ 4 ದಿನ ರಜೆ, ಒಂದು ದಿನದ ಸಂಬಳ ಕಡಿತ ಅಂತ ಇತ್ತು. ತಿಂಗಳಿಗೆ 30,000 ಸಂಬಳ, 30ರಿಂದ ಭಾಗಿಸಿದರೆ ದಿನಕ್ಕೆ 1,000 ರೂಪಾಯಿ.

ಕೇಳಿದಾಗ ಬಂದ ಉತ್ತರ: "ಮೇಲ್‌ನಲ್ಲಿ ಬರೆದಿದೆಯಲ್ಲ."

ಬರೆದದ್ದು ಏನು? 'ಇನ್ನು ಮುಂದೆ'. ಈ ಎರಡು ಪದಕ್ಕೆ ಮೂರು ಅರ್ಥ ಮಾಡಬಹುದು. ಮೇಲ್ ಬಂದ ದಿನದಿಂದ ಲೆಕ್ಕ ಅಂದ್ರೆ, ಶನಿವಾರ, ಭಾನುವಾರ ಅದರ ನಂತರ ಬಂದಿವೆ; 4 ದಿನ ಸರಿ. ಸಮಯದ ಹಾಗೆ ಇದೂ ಜುಲೈ 1ರಿಂದ ಅಂದ್ರೆ, ಆ ಶನಿವಾರ, ಭಾನುವಾರ ಜೂನ್ 29 ಮತ್ತು 30. ಹಳೆಯ ನಿಯಮಕ್ಕೇ ಸೇರುತ್ತವೆ, 2 ದಿನ. ಇನ್ನು ನಿಯಮ ಬಂದ ಮೇಲೆ ಸಲ್ಲಿಸಿದ ಅರ್ಜಿಗಳಿಗೆ ಮಾತ್ರ ಅನ್ವಯ ಅಂದ್ರೂ 2 ದಿನವೇ. ಬರೆದವರ ತಲೆಯಲ್ಲಿ ಒಂದೇ ಅರ್ಥ ಇತ್ತು, ಕಾಗದದಲ್ಲಿ ಮೂರೂ ಇದ್ದವು.

ಆದ್ದರಿಂದ ನಿಯಮ ಬದಲಾಯಿಸುವ ಮೇಲ್‌ನಲ್ಲಿ ಜಾರಿಗೆ ಬರುವ ತಾರೀಖು ಇರಬೇಕು, ಮತ್ತು ಅದು ಯಾವುದಕ್ಕೆ ತಾರೀಖು ಅನ್ನೋದೂ ಇರಬೇಕು: ಅರ್ಜಿ ಹಾಕಿದ ದಿನಕ್ಕೋ, ರಜೆ ತೆಗೆದುಕೊಂಡ ದಿನಕ್ಕೋ. ಈಗಾಗಲೇ ಮಂಜೂರಾದ ರಜೆಗಳ ಗತಿ ಏನು ಅಂತ ಒಂದು ವಾಕ್ಯ ಬೇಕೇ ಬೇಕು. ಅದೇ ಮೇಲನ್ನು ನಾವು ಹೀಗೆ ತಿದ್ದಿದೆವು:

"ವಿಷಯ: ಜುಲೈ 15ರಿಂದ ಕಚೇರಿ ಸಮಯ ಮತ್ತು ರಜೆ ನಿಯಮದ ಬದಲಾವಣೆ

ಸಮಯ: ಈಗ 9:30ರಿಂದ 6:30. 2024ರ ಜುಲೈ 15, ಸೋಮವಾರದಿಂದ 9:00ರಿಂದ 6:30. ಊಟದ ವಿರಾಮ ಮೊದಲಿನಂತೆ ಒಂದು ಗಂಟೆ. ವಾರದ ಕೆಲಸ 40 ಗಂಟೆಯಿಂದ 42.5 ಗಂಟೆ ಆಗುತ್ತದೆ.

ರಜೆ: ಜುಲೈ 15 ಅಥವಾ ನಂತರ ಸಲ್ಲಿಸುವ ಅರ್ಜಿಗಳಲ್ಲಿ, ಶುಕ್ರವಾರ ಮತ್ತು ಸೋಮವಾರ ಎರಡೂ ರಜೆಯಾದರೆ ನಡುವಿನ ಎರಡು ದಿನವೂ ರಜೆಯಾಗಿ ಎಣಿಕೆಯಾಗುತ್ತವೆ, ಒಟ್ಟು 4 ದಿನ. ಶುಕ್ರವಾರ ಮಾತ್ರ ರಜೆಯಾದರೆ 1 ದಿನ. ಜುಲೈ 14ರೊಳಗೆ ಸಲ್ಲಿಸಿದ ಅರ್ಜಿಗಳಿಗೆ ಹಳೆಯ ನಿಯಮವೇ ಅನ್ವಯ."

ಮೂಲ ಮೇಲ್‌ಗಿಂತ ಇದು ಉದ್ದ, ನಿಜ. ಆದರೆ ಉದಾಹರಣೆ ಇರೋದರಿಂದ ಯಾರೂ ವಾಪಸ್ ಬಂದು ಕೇಳಬೇಕಾಗಿಲ್ಲ. ನಿಯಮ ಒಳ್ಳೆಯದಾಯ್ತು ಅಂತ ನಾವು ಹೇಳ್ತಿಲ್ಲ. ಶನಿವಾರ, ಭಾನುವಾರ ಈಗಲೂ ಹೋಗುತ್ತವೆ. ಎಷ್ಟು ಹೋಗುತ್ತವೆ ಅನ್ನೋದು ಮೊದಲೇ ಗೊತ್ತಾಗುತ್ತದೆ ಅಷ್ಟೇ.

ಅಸ್ಪಷ್ಟ ಮೇಲ್ ನಮಗೇ ಬಂದರೆ? ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗಬಾರದು. ಅದೇ ಮೇಲ್‌ಗೆ ಉತ್ತರವಾಗಿ ತಾರೀಖುಗಳ ಸಮೇತ ಒಂದು ಸಾಲು ಬರೆಯಬೇಕು: "ಜೂನ್ 28 ಮತ್ತು ಜುಲೈ 1ರ ನನ್ನ ರಜೆ ಜೂನ್ 10ರಂದು ಮಂಜೂರಾಗಿದೆ. ಇದನ್ನು 2 ದಿನ ಎಂದು ಎಣಿಸುತ್ತೀರೋ, 4 ದಿನ ಎಂದೋ ದಯವಿಟ್ಟು ತಿಳಿಸಿ." ನಮ್ಮ ಸೀನಿಯರ್ ಈ ಸಾಲನ್ನು ಬರೆದದ್ದು ಕಡಿತ ಆದ ಮೇಲೆ. ಆಫೀಸಿನವರು ಸ್ಪಷ್ಟೀಕರಣದ ಮೇಲ್ ಕಳಿಸಿ ಆಗಸ್ಟ್ ಸಂಬಳದಲ್ಲಿ 1,000 ರೂಪಾಯಿ ವಾಪಸ್ ಕೊಟ್ಟರು. ಗುರುವಾರ ಸಂಜೆಯೇ ಬರೆದಿದ್ರೆ ಆ ದುಡ್ಡು ಕಡಿತವೇ ಆಗ್ತಿರಲಿಲ್ಲ.