ಸೋಸುವ ಮೊದಲು ಬೇರ್ಪಡಿಸಿ: ಬಚ್ಚಲ ನೀರಿನ ಮರುಬಳಕೆ ಕುರಿತು ಎರಡು ಅವಧಿಗಳ ಪಾಠ

ತರಗತಿ: 7 ಅಥವಾ 8
ವಿಷಯ: ವಿಜ್ಞಾನ (ತ್ಯಾಜ್ಯನೀರು)
ಅವಧಿ: 40 ನಿಮಿಷಗಳ ಎರಡು ಅವಧಿ

ತ್ಯಾಜ್ಯನೀರಿನ ಘಟಕಕ್ಕೆ ಅಭ್ಯಾಸ ಪಾಠ ಸಿದ್ಧಪಡಿಸುವ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಒಂದೇ ಬೋಧನೋಪಕರಣ ತರುತ್ತಾರೆ. ತಳ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿ, ಅದರೊಳಗೆ ಜಲ್ಲಿ, ಉಸುಕು, ಇದ್ದಿಲು. ಮೇಲಿಂದ ಕೆಸರು ನೀರು ಸುರಿಯುತ್ತಾರೆ, ಕೆಳಗೆ ತಿಳಿನೀರು ಬೀಳುತ್ತದೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಪಾಠ ಅಲ್ಲಿಗೆ ಮುಗಿದರೆ ಮಗು ಮನೆಗೆ ಒಯ್ಯುವ ತಿಳಿವಳಿಕೆ ಒಂದೇ: ಉಸುಕಿನಲ್ಲಿ ಸೋಸಿದ ನೀರು ಶುದ್ಧ ನೀರು. ಇದು ತಪ್ಪು ಮಾತ್ರವಲ್ಲ, ಅಪಾಯಕಾರಿಯೂ ಹೌದು. ಉಸುಕು ತೇಲುವ ಕೊಳೆಯನ್ನು ಹಿಡಿಯುತ್ತದೆ. ಕರಗಿದ ಸಾಬೂನನ್ನಾಗಲಿ ರೋಗಾಣುಗಳನ್ನಾಗಲಿ ಪೂರ್ತಿ ಹಿಡಿಯುವುದಿಲ್ಲ.

ಈ ಪಾಠ ಆ ತಪ್ಪು ಕಲ್ಪನೆಯನ್ನು ಮುರಿಯಲು ಯೋಜಿಸಿದ್ದು. ಬಚ್ಚಲ ನೀರಿನ ಮರುಬಳಕೆಯಲ್ಲಿ ಮೊದಲ ಕೆಲಸ ಸೋಸುವುದಲ್ಲ, ಬೇರ್ಪಡಿಸುವುದು. ಶೌಚಾಲಯದ ನೀರು ಒಮ್ಮೆ ಕೂಡಿತೆಂದರೆ ಮನೆಯ ಯಾವ ಸೋಸುಗವೂ ಅದನ್ನು ಸರಿಪಡಿಸಲಾರದು.

ಸ್ಥಳೀಯ ಹಿನ್ನೆಲೆ

ಗದಗ-ಬೆಟಗೇರಿಯ ಮನೆಗಳಿಗೆ ತುಂಗಭದ್ರೆಯ ನೀರು ದಿನಗಳ ಅಂತರದಲ್ಲಿ ಬರುತ್ತದೆ. ಮುಂಡರಗಿ ತಾಲ್ಲೂಕಿನ ಹಮ್ಮಿಗಿಯಲ್ಲಿ ನದಿಗೆ ಬ್ಯಾರೇಜ್ ಇದ್ದರೂ ನಳದ ನೀರನ್ನು ಬ್ಯಾರಲ್ಲಿನಲ್ಲಿ ತುಂಬಿಟ್ಟುಕೊಳ್ಳುವ ರೂಢಿ ತಪ್ಪಿಲ್ಲ. ಹಾಗೆ ತುಂಬಿಟ್ಟ ಕುಡಿಯುವ ನೀರೇ ಶೌಚಾಲಯಕ್ಕೂ ಖರ್ಚಾಗುತ್ತದೆ ಎಂಬುದನ್ನು ಮಕ್ಕಳು ಮನೆಯಲ್ಲಿ ನೋಡಿಯೇ ಇರುತ್ತಾರೆ.

ಎರಡನೆಯ ಸಂಗತಿ ಮಣ್ಣಿನದು. ಉದ್ಯೋಗ ಖಾತರಿ ಯೋಜನೆಯಡಿ ಹಳ್ಳಿಗಳಲ್ಲಿ ಕಟ್ಟುವ ಬಚ್ಚಲು ಗುಂಡಿಯನ್ನು ಮಕ್ಕಳು ಬಲ್ಲರು. ನೀರು ಕಲ್ಲುಗಳ ನಡುವೆ ಇಳಿದು ನೆಲದಲ್ಲಿ ಇಂಗಬೇಕೆಂಬುದು ಅದರ ತತ್ತ್ವ. ಶಿರಹಟ್ಟಿ, ಮುಂಡರಗಿ ಕಡೆಯ ಮಸಾರಿ ನೆಲದಲ್ಲಿ ಅದು ಇಂಗುತ್ತದೆ. ಎರೆ ನೆಲದಲ್ಲಿ ಹಾಗಾಗುವುದಿಲ್ಲ. ಒಣಗಿದಾಗ ಬಿರಿಯುವ ಎರೆಮಣ್ಣು ಹಸಿಯಾದಾಗ ಉಬ್ಬಿ ಬಿರುಕುಗಳನ್ನೆಲ್ಲ ಮುಚ್ಚಿಬಿಡುತ್ತದೆ. ದಿನವೂ ನೀರು ಬೀಳುವ ಗುಂಡಿಯ ಗೋಡೆ ಒಣಗುವುದೇ ಇಲ್ಲ. ಮೇಲೆ ಸಾಬೂನಿನ ಜಿಡ್ಡು ಬೇರೆ. ಗುಂಡಿ ತುಂಬಿ ಹರಿಯುತ್ತದೆ. ಆದ್ದರಿಂದ ಎರೆ ನೆಲದ ಊರುಗಳಲ್ಲಿ ಬಚ್ಚಲ ನೀರನ್ನು ಇಂಗಿಸುವುದಕ್ಕಿಂತ ದಿನದ ನೀರನ್ನು ದಿನವೇ ಬಳಸಿ ಮುಗಿಸುವುದು ಹೆಚ್ಚು ಸರಿ.

ಮೊದಲ ಅವಧಿ: ನೀರು ಎಲ್ಲಿ ಕೂಡುತ್ತದೆ?

ಪಾಠ ಪ್ರವೇಶಕ್ಕೆ ಚಿತ್ರಪಟ ಬೇಡ. ಕಪ್ಪುಹಲಗೆಯ ಮೇಲೆ ಮನೆಯ ನಕ್ಷೆ ಬರೆದು ನಾಲ್ಕು ಕಡೆ ಗುರುತು ಹಾಕಿ: ಅಡುಗೆಮನೆ, ಬಚ್ಚಲು, ಕೈ ತೊಳೆಯುವ ಬೇಸಿನ್, ಶೌಚಾಲಯ. ಪ್ರತಿಯೊಂದರ ನೀರು ಎಲ್ಲಿಗೆ ಹೋಗುತ್ತದೆಂದು ಕೇಳಿ. ಬರುವ ಉತ್ತರ ಬಹುತೇಕ ಹೀಗಿರುತ್ತದೆ:

"ಬಚ್ಚಲ ನೀರು ಗಟಾರಕ್ಕ ಹೋಗತೈತ್ರಿ ಸರ್. ಸಂಡಾಸದ್ದು ಗುಂಡಿಗೆ ಹೋಗತೈತಿ."
"ನಮ್ಮನ್ಯಾಗ ಎರಡೂ ಒಂದ ಪೈಪಿನ್ಯಾಗ ಹೋಗತಾವ್ರಿ."

ಈ ಎರಡು ಉತ್ತರಗಳ ವ್ಯತ್ಯಾಸವೇ ಪಾಠದ ತಿರುಳು. ಮೊದಲ ಮಗುವಿನ ಮನೆಯಲ್ಲಿ ಬೇರ್ಪಡಿಸುವ ಕೆಲಸ ಆಗಲೇ ಆಗಿದೆ. ಎರಡನೆಯ ಮಗುವಿನ ಮನೆಯಲ್ಲಿ ನೀರು ಚೇಂಬರಿಗೆ ಬರುವ ಮೊದಲೇ ಅದನ್ನು ತಿರುಗಿಸಿಕೊಳ್ಳಬೇಕು.

ಗಾರೆಯವರು ಶೌಚಾಲಯಕ್ಕೆ ಸಾಮಾನ್ಯವಾಗಿ 110 ಮಿ.ಮೀ. ಪೈಪನ್ನೂ ಬಚ್ಚಲು, ಬೇಸಿನ್ನಿಗೆ 75 ಮಿ.ಮೀ. ಪೈಪನ್ನೂ ಹಾಕುತ್ತಾರೆ. ತೆಳು ಪೈಪು ದಪ್ಪ ಪೈಪಿಗೋ ಚೇಂಬರಿಗೋ ಸೇರುವ ಜಾಗದ ಹಿಂದೆ ಒಂದು ಕವಲು ಕೂಡಿಸಿ, ಎರಡೂ ಕವಲಿಗೆ ಒಂದೊಂದು ವಾಲ್ವ್ ಹಾಕಬೇಕು. ಒಂದು ಕವಲು ಸೋಸುಗಕ್ಕೆ, ಇನ್ನೊಂದು ಮೊದಲಿನಂತೆ ಗಟಾರಕ್ಕೆ. ಪೈಪಿಗೆ ಮೀಟರಿಗೆ ಸುಮಾರು 2 ಸೆಂ.ಮೀ. ಇಳಿಜಾರು ಬೇಕು, ಕಡಿಮೆಯಾದರೆ ಕೂದಲು, ಸಾಬೂನಿನ ಕೊಳೆ ಒಳಗೇ ಕೂರುತ್ತದೆ.

ಗಟಾರದ ಕವಲು ಏಕೆ ಉಳಿಯಬೇಕೆಂದು ಮಕ್ಕಳಿಂದಲೇ ಹೇಳಿಸಿ. ಬಚ್ಚಲಿಗೆ ಆ್ಯಸಿಡ್ ಅಥವಾ ಫಿನೈಲ್ ಹಾಕಿ ತಿಕ್ಕಿದ ದಿನ, ಎಳೆಗೂಸಿನ ಹೊಲಸು ಬಟ್ಟೆ ಒಗೆದಾಗ, ಮನೆಯಲ್ಲಿ ಯಾರಿಗಾದರೂ ವಾಂತಿಭೇದಿಯಾದಾಗ, ಮಳೆಗಾಲದಲ್ಲಿ ಗಿಡಕ್ಕೆ ನೀರು ಬೇಡವಾದಾಗ ನೀರನ್ನು ಆ ಕಡೆ ಬಿಡಬೇಕು. ಅಡುಗೆಮನೆಯ ನೀರನ್ನು ಈ ಸಾಲಿಗೆ ಸೇರಿಸುವುದಿಲ್ಲ. ಅದರಲ್ಲಿನ ಎಣ್ಣೆ ಉಸುಕಿನ ಸಂದುಗಳನ್ನು ಕಟ್ಟಿಬಿಡುತ್ತದೆ, ಅನ್ನದ ಅಗುಳು ಬೇಗ ಕೊಳೆಯುತ್ತದೆ.

ಚಟುವಟಿಕೆ 1: ಸೋಸುಗ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಒಂದು ಲೀಟರ್ ನೀರಿಗೆ ಸ್ನಾನದ ಸಾಬೂನಿನ ಕೆಲವು ಚೂರು, ಒಂದು ಚಮಚ ಮಣ್ಣು, ಸ್ವಲ್ಪ ಕೂದಲು ಹಾಕಿ ಕಲಕಿ. ಮೊದಲು ಬಟ್ಟೆಯಲ್ಲಿ, ಆಮೇಲೆ ಉಸುಕು-ಜಲ್ಲಿಯ ಬಾಟಲಿಯಲ್ಲಿ ಸೋಸಿ. ನೀರು ಮೊದಲಿಗಿಂತ ತಿಳಿಯಾಗುತ್ತದೆ. ಇಲ್ಲಿ ನಿಲ್ಲಿಸಬೇಡಿ. ಸೋಸಿದ ನೀರನ್ನು ಸಣ್ಣ ಬಾಟಲಿಗೆ ಹಾಕಿ ಮುಚ್ಚಳ ಬಿಗಿದು ಒಬ್ಬ ವಿದ್ಯಾರ್ಥಿಗೆ ಅಲುಗಾಡಿಸಲು ಹೇಳಿ. ನೊರೆ ಬರುತ್ತದೆ. "ತಿಳಿ ಆಗೇತಿ, ಮತ್ತ ನೊರೆ ಎಲ್ಲಿಂದ ಬಂತು?" ಎಂಬ ಪ್ರಶ್ನೆಗೆ ಮಕ್ಕಳು ತಾವೇ ಉತ್ತರ ಹುಡುಕಲಿ. ಕಣ್ಣಿಗೆ ಕಾಣದ್ದು ನೀರಿನಲ್ಲಿ ಉಳಿದಿದೆ ಎಂಬ ಮಾತು ಅವರ ಬಾಯಿಂದಲೇ ಬರಬೇಕು.

ಬೋರ್‌ವೆಲ್‌ನ ಗಡಸು ನೀರು ಬಳಸಿದರೆ ನೊರೆ ಕಡಿಮೆ ಬಂದು ಬಿಳಿ ಕಿಟ್ಟ ಹೆಚ್ಚು ಕಾಣುತ್ತದೆ. ಆದ್ದರಿಂದ ಯಾವ ನೀರು ಹೊಂದುತ್ತದೆಂದು ಹಿಂದಿನ ದಿನವೇ ಪರೀಕ್ಷಿಸಿಕೊಳ್ಳಿ. ಇದೇ ಕಿಟ್ಟ ಮನೆಯ ಸೋಸುಗವನ್ನೂ ಬೇಗ ಕಟ್ಟಿಸುತ್ತದೆ.

ಮನೆಯಲ್ಲಿ ಇದೇ ಕ್ರಮ ದೊಡ್ಡದಾಗುತ್ತದೆ. ಮೊದಲು ಕೂದಲು ಹಿಡಿಯುವ ಜಾಲರಿ, ನಂತರ ಕೊಳೆ ತಳಕ್ಕೆ ಕೂರುವ ಒಂದು ಡ್ರಮ್, ಆಮೇಲೆ ತಳದಲ್ಲಿ ದಪ್ಪ ಜಲ್ಲಿ, ನಡುವೆ ಸಣ್ಣ ಜಲ್ಲಿ, ಮೇಲೆ ದಪ್ಪ ಉಸುಕು ತುಂಬಿದ 200 ಲೀಟರಿನ ಡ್ರಮ್, ಕೊನೆಗೆ ಮುಚ್ಚಳವಿರುವ ಸಂಗ್ರಹ ಡ್ರಮ್. ಉಸುಕಿನ ಮೇಲೆ ನೀರು ಇಳಿಯದೆ ನಿಂತರೆ ಸೋಸುಗ ಕಟ್ಟಿದೆ ಎಂದರ್ಥ. ಆಗ ಮೇಲಿನ ಎರಡು-ಮೂರು ಸೆಂ.ಮೀ. ಉಸುಕು ತೆಗೆದು ತೊಳೆದು ಹಾಕಿದರೆ ಸಾಕು.

ಮಧ್ಯಪ್ರದೇಶದ ಧಾರ್ ಮತ್ತು ಝಾಬುವಾ ಜಿಲ್ಲೆಗಳ ವಸತಿ ಆಶ್ರಮಶಾಲೆಗಳಲ್ಲಿ ಯುನಿಸೆಫ್ ಮತ್ತು ನಾಗಪುರದ ನೀರಿ ಸಂಸ್ಥೆ ಮಕ್ಕಳ ಸ್ನಾನದ ನೀರನ್ನು ಇದೇ ಬಗೆಯ ಹಂತಗಳಲ್ಲಿ ಸೋಸಿ ಶೌಚಾಲಯಕ್ಕೂ ಕೈತೋಟಕ್ಕೂ ಬಳಸುವ ವ್ಯವಸ್ಥೆ ಮಾಡಿದವು. 2007ರಲ್ಲಿ ಅದರ ಕೈಪಿಡಿಯನ್ನೂ ತಂದವು. ಗಮನಿಸಬೇಕಾದದ್ದು ಆ ಎರಡು ಬಳಕೆಗಳನ್ನು. ಸೋಸಿದ ಬಚ್ಚಲ ನೀರು ಮತ್ತೆ ಬಚ್ಚಲಿಗೆ ಬರುವುದಿಲ್ಲ.

ಎರಡನೆಯ ಅವಧಿ: ಎಷ್ಟು ನೀರು, ಎಷ್ಟು ಹೊತ್ತು, ಯಾವ ಮಣ್ಣಿಗೆ?

ಮಕ್ಕಳು ಹಿಂದಿನ ದಿನ ಮನೆಯಲ್ಲಿ ಬಕೆಟ್ ಎಣಿಸಿ ಬಂದಿರಲಿ. ಕಪ್ಪುಹಲಗೆಯ ಮೇಲೆ ಮಾದರಿಯಾಗಿ ಐದು ಜನರ ಮನೆಯ ಲೆಕ್ಕ ಮಾಡಿ. ಒಬ್ಬರ ಸ್ನಾನಕ್ಕೆ 15 ಲೀಟರಿನ ಎರಡು ಬಕೆಟ್ ಎಂದರೆ 150 ಲೀಟರ್. ಕೈ-ಮುಖ ತೊಳೆಯಲು ತಲಾ 5 ಲೀಟರ್ ಎಂದರೆ 25. ಒಟ್ಟು 175 ಲೀಟರ್. ಶೌಚಾಲಯಕ್ಕೆ ದಿನಕ್ಕೆ 20 ಸಲ, ಸಲಕ್ಕೆ 5 ಲೀಟರಿನಂತೆ 100 ಲೀಟರ್ ಹೋಯಿತು. ಉಳಿದದ್ದು 75 ಲೀಟರ್. ಬೇಸಿಗೆಯಲ್ಲಿ ಒಂದು ಚದರ ಮೀಟರ್ ತೋಟಕ್ಕೆ ದಿನಕ್ಕೆ ಸುಮಾರು 5 ಲೀಟರ್ ಬೇಕೆಂದು ಹಿಡಿದರೆ, ಆ ನೀರು 15 ಚದರ ಮೀಟರಿಗೆ ಸಾಕು. ಪ್ರತಿ ಮಗು ತನ್ನ ಮನೆಯ ಅಂಕಿ ಹಾಕಿ ಇದೇ ಲೆಕ್ಕ ಮಾಡಲಿ. ಇಂಡಿಯನ್ ಕಮೋಡಿಗೆ ಬಕೆಟ್ಟಿನಿಂದ ಸುರಿಯುವ ಮನೆಗಳಲ್ಲಿ ಹೊಸ ಪೈಪೂ ಬೇಡ, ಸಂಗ್ರಹ ಡ್ರಮ್ಮಿನಿಂದ ತುಂಬಿಕೊಂಡರಾಯಿತು. ಫ್ಲಶ್ ಟ್ಯಾಂಕಿಗೆ ಜೋಡಿಸುವುದಾದರೆ ಆ ಪೈಪು ಎಲ್ಲಿಯೂ ಕುಡಿಯುವ ನೀರಿನ ಪೈಪನ್ನು ಮುಟ್ಟಬಾರದು.

ಚಟುವಟಿಕೆ 2: ಹಳಸಿದ ನೀರು

ಪಾಠಕ್ಕೆ ಮೂರು ದಿನ ಮೊದಲೇ ಶಾಲೆಯ ಕೈ ತೊಳೆದ ನೀರನ್ನು ಪಾರದರ್ಶಕ ಬಾಟಲಿಗೆ ತುಂಬಿ ಮುಚ್ಚಿಡಿ. ಪಾಠದ ದಿನ ಇನ್ನೊಂದನ್ನು ಹೊಸದಾಗಿ ತುಂಬಿ. ಎರಡರ ಬಣ್ಣ ಹೋಲಿಸಿ. ಹಳೆಯ ಬಾಟಲಿಯನ್ನು ಶಿಕ್ಷಕರೇ ಹೊರಗೆ ತೆರೆದು, ಮಕ್ಕಳು ದೂರದಿಂದ ವಾಸನೆ ಗ್ರಹಿಸಲಿ. ಬ್ಯಾಕ್ಟೀರಿಯಾಗಳು ಕೊಳೆ ತಿನ್ನುತ್ತ ನೀರಿನ ಆಮ್ಲಜನಕ ಮುಗಿಸುತ್ತವೆ. ಮುಗಿದ ಮೇಲೆ ಬೇರೆ ಬಗೆಯ ಬ್ಯಾಕ್ಟೀರಿಯಾಗಳು ಕೊಳೆತ ತತ್ತಿಯ ವಾಸನೆಯ ಅನಿಲ ಬಿಡುತ್ತವೆ. ಇದರಿಂದ ಬರುವ ನಿಯಮ ಸರಳ: ಬಚ್ಚಲ ನೀರನ್ನು 24 ಗಂಟೆಗಿಂತ ಹೆಚ್ಚು ಇಡಬಾರದು. ಡ್ರಮ್ಮಿನಿಂದ ವಾಸನೆ ಬಂದರೆ ದೊಡ್ಡ ಡ್ರಮ್ ತರುವುದು ಪರಿಹಾರವಲ್ಲ, ಸಣ್ಣದು ಇಡುವುದು ಪರಿಹಾರ.

ಚಟುವಟಿಕೆ 3: ಎರೆಮಣ್ಣು ಮತ್ತು ಸೋಡಾ

ಎರಡು ಬಾಟಲಿಗಳ ತಳ ಕತ್ತರಿಸಿ, ಬಾಯಿಗೆ ಬಟ್ಟೆ ಕಟ್ಟಿ, ತಲೆಕೆಳಗಾಗಿ ನಿಲ್ಲಿಸಿ. ಎರಡಕ್ಕೂ ಪುಡಿ ಮಾಡಿದ ಎರೆಮಣ್ಣನ್ನು ಸಮನಾಗಿ ತುಂಬಿ. ಒಂದಕ್ಕೆ ಬರೀ ನೀರು, ಇನ್ನೊಂದಕ್ಕೆ ಅಷ್ಟೇ ನೀರಿನಲ್ಲಿ ಒಂದು ಚಮಚ ಬಟ್ಟೆ ಒಗೆಯುವ ಸೋಡಾ ಕರಗಿಸಿ ಹಾಕಿ. ಅವಧಿಯ ಆರಂಭದಲ್ಲೇ ಸುರಿದಿಟ್ಟು ಕೊನೆಗೆ ನೋಡಿ. ಸೋಡಾ ಬಿದ್ದ ಮಣ್ಣಿನಲ್ಲಿ ನೀರು ಬಹಳ ನಿಧಾನ ಇಳಿಯುತ್ತದೆ, ಇಳಿದದ್ದೂ ಕಪ್ಪಾಗಿರುತ್ತದೆ. ಸೋಡಾದಲ್ಲಿನ ಸೋಡಿಯಂ ಮಣ್ಣಿನ ಕಣಗಳ ಹಿಡಿತ ಬಿಡಿಸುತ್ತದೆ; ಬಿಡಿಯಾದ ಸಣ್ಣ ಕಣಗಳು ಸಂದುಗಳನ್ನು ಮುಚ್ಚುತ್ತವೆ.

ಬಚ್ಚಲ ನೀರಿನಲ್ಲಿ ಸೋಡಿಯಂ ಇಷ್ಟು ಹೆಚ್ಚಿರುವುದಿಲ್ಲ; ವರ್ಷಗಳಲ್ಲಿ ಆಗಬಹುದಾದದ್ದನ್ನು ಒಂದು ಅವಧಿಯಲ್ಲಿ ತೋರಿಸಲು ಈ ಪ್ರಮಾಣ ಎಂದು ಮಕ್ಕಳಿಗೆ ಹೇಳಲೇಬೇಕು. ಬಟ್ಟೆ ಒಗೆದ ನೀರಿನಲ್ಲಿ ಅದು ಸ್ನಾನದ ನೀರಿಗಿಂತ ಹೆಚ್ಚು. ಆದ್ದರಿಂದ ಎರೆ ನೆಲದ ಹಿತ್ತಲಿನಲ್ಲಿ ಒಗೆದ ನೀರನ್ನು ಶೌಚಾಲಯಕ್ಕೆ, ಸ್ನಾನದ ನೀರನ್ನು ಗಿಡಕ್ಕೆ ಇಡುವುದು ಮೇಲು. ನೀರನ್ನು ಒಂದೇ ಬುಡಕ್ಕೆ ಬಿಡದೆ ತೆಂಗು, ಬಾಳೆ, ಕರಿಬೇವುಗಳಿಗೆ ಸರದಿಯಂತೆ ಹರಿಸಬೇಕು. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿಗೆ ಬೇಡ. ಎಲೆಗಳ ಮೇಲೆ ಸಿಂಪಡಿಸುವುದೂ ಬೇಡ. ಮಣ್ಣಿನ ಮೇಲೆ ನೀರು ಇಂಗದೆ ನಿಲ್ಲತೊಡಗಿ, ಒಣಗಿದಾಗ ಗಟ್ಟಿ ಹೆಪ್ಪು ಕಟ್ಟಿದರೆ ಕೆಲ ಕಾಲ ಆ ಜಾಗಕ್ಕೆ ಬಚ್ಚಲ ನೀರು ನಿಲ್ಲಿಸಬೇಕು.

ಮೌಲ್ಯಮಾಪನ

ಸೋಸುಗದ ಚಿತ್ರ ಬರೆದು ಭಾಗ ಗುರುತಿಸಲು ಹೇಳುವ ಪ್ರಶ್ನೆ ಈ ಪಾಠಕ್ಕೆ ಸಾಲದು. ಇವನ್ನು ಕೇಳಿ:

1. ಲಕ್ಷ್ಮೇಶ್ವರದ ಒಂದು ಮನೆಯಲ್ಲಿ ಬಚ್ಚಲು ಮತ್ತು ಶೌಚಾಲಯದ ಪೈಪು ಒಂದೇ ಚೇಂಬರಿಗೆ ಸೇರಿವೆ. ಸೋಸುಗವನ್ನು ಚೇಂಬರಿನ ನಂತರ ಇಡಬಹುದೆ? ಕಾರಣ ಕೊಡಿ.
2. ಸೋಸಿದ ನೀರು ಗಾಜಿನಂತೆ ತಿಳಿಯಾಗಿದೆ. ಇದರಿಂದ ಪಾತ್ರೆ ತೊಳೆಯಬಹುದೆ?
3. ನಿಮ್ಮ ಮನೆಯ ಲೆಕ್ಕದಲ್ಲಿ ಮಳೆಗಾಲದಲ್ಲಿ ಎಷ್ಟು ಲೀಟರ್ ಉಳಿಯುತ್ತದೆ? ಅದನ್ನು ಎಲ್ಲಿಗೆ ಬಿಡುವಿರಿ?

ಪಾಠ ವೀಕ್ಷಿಸುವ ಮಾರ್ಗದರ್ಶಕರು ಎರಡನೆಯ ಪ್ರಶ್ನೆಯ ಉತ್ತರಗಳನ್ನು ಎಣಿಸಿಕೊಳ್ಳಲಿ. "ತೊಳೆಯಬಹುದು" ಎಂದವರ ಸಂಖ್ಯೆ ಹೆಚ್ಚಿದ್ದರೆ ನೊರೆಯ ಚಟುವಟಿಕೆಯನ್ನು ಮರುದಿನ ಮತ್ತೆ ಮಾಡಿಸಬೇಕು.