ಜೂನ್ ತಿಂಗಳ ಏರಿಕೆ ಬೆಳವಣಿಗೆಯೇ? ರಿಗ್ರೆಶನ್‌ನಲ್ಲಿ ತಿಂಗಳ ಡಮ್ಮಿ ಚರಗಳನ್ನು ಬೋಧಿಸಿದ ಬಗೆ

ಪಾಠದ ಉದ್ದೇಶ ಮತ್ತು ಪೂರ್ವಜ್ಞಾನ

ದ್ವಿತೀಯ ಪಿಯುಸಿ ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳಿಗೆ ಕಾಲಶ್ರೇಣಿಯ ಘಟಕಗಳು ಗೊತ್ತಿರುತ್ತವೆ. ದೀರ್ಘಕಾಲದ ಪ್ರವೃತ್ತಿ ಎಂದರೇನು, ಋತುಮಾನದ ಏರಿಳಿತ ಎಂದರೇನು ಎಂದು ಕೇಳಿದರೆ ಹೇಳುತ್ತಾರೆ. ಕನಿಷ್ಠ ವರ್ಗಗಳ ವಿಧಾನದಿಂದ ಸರಳರೇಖೆಯನ್ನೂ ಹೊಂದಿಸುತ್ತಾರೆ. ಆದರೆ ಎರಡೂ ಒಂದೇ ಅಂಕಿಯೊಳಗೆ ಬೆರೆತಿರುವಾಗ ಯಾವುದು ಎಷ್ಟು ಎಂದು ಬಿಡಿಸುವುದು ಹೇಗೆ? ಎರಡು ಅವಧಿಗಳ ಈ ಪಾಠವನ್ನು ಪಠ್ಯಕ್ಕೆ ಪೂರಕವಾಗಿ, ಈ ಒಂದು ಪ್ರಶ್ನೆಗಾಗಿ ಯೋಜಿಸಿದೆ.

ಉದಾಹರಣೆಗೆ ಶಾಲೆಯ ಪಕ್ಕದ ಪುಸ್ತಕದಂಗಡಿಯನ್ನು ಆರಿಸಿಕೊಂಡೆ. ಶಾಲೆ ಶುರುವಾಗುವ ಹೊತ್ತಿಗೆ ನೋಟ್‌ಬುಕ್ ಮಾರಾಟ ಏರುವುದನ್ನು ಎಲ್ಲರೂ ಕಂಡಿದ್ದಾರೆ. ಕೆಳಗಿನ ಅಂಕಿಗಳು ಯಾವುದೇ ಅಂಗಡಿಯವಲ್ಲ. ಕೈಲೆಕ್ಕ ಸುಲಭವಾಗಲೆಂದು ಪಾಠಕ್ಕಾಗಿ ನಾನೇ ಕಟ್ಟಿದವು. ಮಾರಾಟ ಡಜನ್‌ಗಳಲ್ಲಿದೆ.

| ತಿಂಗಳು | ವರ್ಷ 1 | ವರ್ಷ 2 | ವರ್ಷ 3 | ಸರಾಸರಿ |
|---|---|---|---|---|
| ಜನವರಿ | 40 | 50 | 66 | 52 |
| ಫೆಬ್ರವರಿ | 38 | 52 | 60 | 50 |
| ಮಾರ್ಚ್ | 30 | 44 | 52 | 42 |
| ಏಪ್ರಿಲ್ | 34 | 45 | 59 | 46 |
| ಮೇ | 90 | 104 | 112 | 102 |
| ಜೂನ್ | 188 | 200 | 215 | 201 |
| ಜುಲೈ | 100 | 113 | 123 | 112 |
| ಆಗಸ್ಟ್ | 60 | 72 | 84 | 72 |
| ಸೆಪ್ಟೆಂಬರ್ | 56 | 67 | 81 | 68 |
| ಅಕ್ಟೋಬರ್ | 44 | 57 | 67 | 56 |
| ನವೆಂಬರ್ | 60 | 71 | 85 | 72 |
| ಡಿಸೆಂಬರ್ | 50 | 62 | 74 | 62 |
| ಒಟ್ಟು | 790 | 937 | 1078 | |

ಹಂತ 1: ಬರೀ ಸರಳರೇಖೆ ಏನು ಹೇಳುತ್ತದೆ?

ಮೊದಲು ಇಡೀ ಕೋಷ್ಟಕವನ್ನು ತೋರಿಸಲಿಲ್ಲ. ಮೊದಲ ವರ್ಷದ ಜನವರಿಯಿಂದ ಜೂನ್‌ವರೆಗಿನ ಆರು ಅಂಕಿಗಳನ್ನು ಮಾತ್ರ ಕಪ್ಪುಹಲಗೆಯ ಮೇಲೆ ಬರೆದು, ಸರಳರೇಖೆ ಹೊಂದಿಸಿ ಜುಲೈ ಮಾರಾಟವನ್ನು ಅಂದಾಜಿಸಲು ಹೇಳಿದೆ. ಇಳಿಜಾರು ತಿಂಗಳಿಗೆ ಸುಮಾರು 25.7 ಡಜನ್ ಬಂತು, ಜುಲೈ ಅಂದಾಜು 160 ಡಜನ್. ಆಮೇಲೆ ಜುಲೈನ ನಿಜವಾದ ಅಂಕಿ 100 ಎಂದು ಬರೆದೆ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಶಾಲೆ ತೆರೆದಾಗಿನ ಏರಿಕೆಯನ್ನೇ ರೇಖೆಯು ಅಂಗಡಿಯ ಬೆಳವಣಿಗೆ ಎಂದು ಓದಿತ್ತು.

ಹಾಗಾದರೆ ಹೆಚ್ಚು ಅಂಕಿ ಕೊಟ್ಟರೆ ಸರಿಹೋಗುತ್ತದೆಯೇ? ಮೂರು ವರ್ಷಗಳ 36 ತಿಂಗಳಿಗೂ ಒಂದೇ ರೇಖೆ ಎಳೆದರೆ ಇಳಿಜಾರು ಸುಮಾರು 1.02 ಆಗುತ್ತದೆ. ಇದು ನಂಬಬಹುದಾದ ಸಂಖ್ಯೆ. ಆದರೆ ಅದೇ ರೇಖೆ ನಾಲ್ಕನೆಯ ವರ್ಷದ ಜೂನ್‌ಗೆ ಸುಮಾರು 102 ಡಜನ್ ಎನ್ನುತ್ತದೆ, ಮಾರ್ಚ್‌ಗೆ ಸುಮಾರು 99. ಹಿಂದಿನ ವರ್ಷವೇ ಜೂನ್‌ನಲ್ಲಿ 215 ಡಜನ್ ಹೋಗಿದ್ದ ಅಂಗಡಿಯವರು 102 ತರಿಸಿದರೆ ಅರ್ಧಕ್ಕಿಂತ ಹೆಚ್ಚು ಗಿರಾಕಿಗಳು ಬೇರೆ ಅಂಗಡಿಗೆ ಹೋಗುತ್ತಾರೆ. ಮಾರ್ಚ್‌ಗೆ 99 ತರಿಸಿದರೆ ಹಣ ಕಪಾಟಿನಲ್ಲಿ ಕೂರುತ್ತದೆ.

ಹಂತ 2: ತಿಂಗಳಿಗೆ ಸಂಖ್ಯೆ ಕೊಡಬಾರದೇ?

ತಿಂಗಳನ್ನೂ ಸೂತ್ರದೊಳಗೆ ಸೇರಿಸಬೇಕು ಎಂಬುದು ವಿದ್ಯಾರ್ಥಿಗಳಿಗೆ ಬೇಗ ಹೊಳೆಯಿತು. ಮೊದಲು ಬಂದ ಸಲಹೆ, ಜನವರಿಗೆ 1, ಫೆಬ್ರವರಿಗೆ 2, ಹೀಗೆ ಡಿಸೆಂಬರ್‌ಗೆ 12 ಎಂದು ಒಂದೇ ಚರ ಇಡುವುದು. ಬೇಡ ಎಂದು ಹೇಳುವ ಬದಲು, ಅದಕ್ಕೆ ಒಂದೇ ಸಹಗುಣಕ ಇದ್ದರೆ ಏನಾಗುತ್ತದೆ ಎಂದು ಕೇಳಿದೆ. ಜನವರಿಯಿಂದ ಡಿಸೆಂಬರ್‌ವರೆಗೆ ಮಾರಾಟ ಒಂದೇ ಸಮನೆ ಏರಬೇಕು ಅಥವಾ ಇಳಿಯಬೇಕು. ಜೂನ್‌ನಲ್ಲಿ ಏರಿ ಅಕ್ಟೋಬರ್‌ನಲ್ಲಿ ಇಳಿಯಲು ಅದಕ್ಕೆ ಜಾಗವೇ ಇಲ್ಲ. ಇಲ್ಲಿ ತಿಂಗಳು ಒಂದು ಪ್ರಮಾಣವಲ್ಲ, ಬರೀ ಹೆಸರು. ಹೆಸರನ್ನು ಲೆಕ್ಕಕ್ಕೆ ತರಬೇಕಾದರೆ ‘ಹೌದು’ ಅಥವಾ ‘ಅಲ್ಲ’ ಎಂದು ಬರೆಯಬೇಕು. ಜೂನ್‌ನ ಡಮ್ಮಿ ಚರಕ್ಕೆ ಜೂನ್ ಸಾಲುಗಳಲ್ಲಿ 1, ಉಳಿದೆಲ್ಲ ಸಾಲುಗಳಲ್ಲಿ 0.

ಹೀಗೆ ಬರುವ ಸಮೀಕರಣ:

```
y = a + b·t + c2·D2 + c3·D3 + ... + c12·D12
```

ಇಲ್ಲಿ t ಎಂಬುದು 1ರಿಂದ 36ರವರೆಗಿನ ಕ್ರಮಸಂಖ್ಯೆ, D2 ಫೆಬ್ರವರಿಯದು, D12 ಡಿಸೆಂಬರ್‌ನದು. ಜನವರಿಗೆ ಡಮ್ಮಿ ಇಲ್ಲ.

ಹಂತ 3: ಹನ್ನೆರಡು ತಿಂಗಳಿಗೆ ಹನ್ನೊಂದೇ ಏಕೆ?

‘ಜನವರಿ ಏನು ತಪ್ಪು ಮಾಡಿತು ಮೇಡಂ?’ ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ಒಳ್ಳೆಯ ಪ್ರಶ್ನೆ. ಹನ್ನೆರಡೂ ಡಮ್ಮಿಗಳನ್ನು ಇಟ್ಟೆವು ಎಂದುಕೊಳ್ಳೋಣ. ಯಾವ ಸಾಲಿನಲ್ಲಾದರೂ ಅವುಗಳಲ್ಲಿ ಒಂದು ಮಾತ್ರ 1 ಆಗಿರುತ್ತದೆ, ಆದ್ದರಿಂದ ಹನ್ನೆರಡರ ಮೊತ್ತ ಯಾವಾಗಲೂ 1. ಈಗ ಸ್ಥಿರಾಂಕ a ಗೆ 10 ಕೂಡಿಸಿ, ಹನ್ನೆರಡು ಸಹಗುಣಕಗಳಿಂದಲೂ 10 ಕಳೆಯಿರಿ. ಒಂದು ಅಂದಾಜೂ ಬದಲಾಗುವುದಿಲ್ಲ. 10ರ ಬದಲು 1000 ಆದರೂ ಅಷ್ಟೇ. ಉತ್ತರಗಳು ಲೆಕ್ಕವಿಲ್ಲದಷ್ಟಿರುವಾಗ ಇಂಥದ್ದೇ ಉತ್ತರ ಎನ್ನಲಾಗದು.

ಜನವರಿಯನ್ನು ಬಿಟ್ಟಾಗ ಅದು ಹೋಲಿಕೆಯ ಆಧಾರವಾಗುತ್ತದೆ. ಅದರ ಮಟ್ಟ a ಯೊಳಗೇ ಇರುತ್ತದೆ. ಜೂನ್‌ನ ಸಹಗುಣಕ ಎಂದರೆ ಜೂನ್‌ನ ಮಾರಾಟವಲ್ಲ, ಪ್ರವೃತ್ತಿಯನ್ನು ಬದಿಗಿಟ್ಟ ಮೇಲೆ ಜೂನ್ ಜನವರಿಗಿಂತ ಎಷ್ಟು ಹೆಚ್ಚು ಎಂಬುದು. ತರಗತಿಯಲ್ಲಿ ಹೆಚ್ಚು ಸಮಯ ಕೊಡಬೇಕಾದುದು ಈ ವಾಕ್ಯಕ್ಕೆ.

ಹಂತ 4: ಕೈಲೆಕ್ಕ

ಹದಿಮೂರು ಸಹಗುಣಕಗಳೆಂದರೆ ಕಂಪ್ಯೂಟರ್ ಬೇಕೇ ಬೇಕು ಎನಿಸುತ್ತದೆ. ಆದರೆ ಅಂಕಿಗಳು ಪೂರ್ಣ ವರ್ಷಗಳದ್ದಾಗಿದ್ದರೆ ಕೈಯಲ್ಲೇ ಮಾಡಬಹುದು. ಪಾಠದ ತಿರುಳೂ ಆ ಲೆಕ್ಕದಲ್ಲೇ ಕಾಣುತ್ತದೆ.

ಪ್ರತಿ ತಿಂಗಳಿಗೂ ಅದರದ್ದೇ ಮಟ್ಟವನ್ನು ಕೊಟ್ಟ ಮೇಲೆ ಜನವರಿಗೂ ಜೂನ್‌ಗೂ ಇರುವ ಅಂತರವು b ಯನ್ನು ಮುಟ್ಟುವುದಿಲ್ಲ. b ಗೆ ಉಳಿಯುವುದು ಜನವರಿಯನ್ನು ಜನವರಿಯೊಡನೆ, ಜೂನ್ ಅನ್ನು ಜೂನ್‌ನೊಡನೆ ಹೋಲಿಸುವುದು ಮಾತ್ರ. ಮೂರು ಪೂರ್ಣ ವರ್ಷಗಳಿದ್ದಾಗ ಕನಿಷ್ಠ ವರ್ಗಗಳ ವಿಧಾನದಿಂದ ಬರುವ b ಇಷ್ಟೇ: ಮೂರನೆಯ ಮತ್ತು ಮೊದಲನೆಯ ವರ್ಷದ ಅದೇ ತಿಂಗಳುಗಳ ವ್ಯತ್ಯಾಸಗಳ ಸರಾಸರಿಯನ್ನು 24ರಿಂದ ಭಾಗಿಸುವುದು. ಒಟ್ಟು ವ್ಯತ್ಯಾಸ 1078 − 790 = 288. ಹನ್ನೆರಡು ತಿಂಗಳಿಗೆ ಸರಾಸರಿ 24. ಅದು 24 ತಿಂಗಳಲ್ಲಿ ಆದ ಬೆಳವಣಿಗೆ, ಆದ್ದರಿಂದ b = 1. ಅಂಗಡಿ ತಿಂಗಳಿಗೆ ಒಂದು ಡಜನ್‌ನಷ್ಟು ಬೆಳೆಯುತ್ತಿದೆ, 25.7 ಅಲ್ಲ.

ಜನವರಿ ಬರುವುದು t = 1, 13, 25ರಲ್ಲಿ. ಇವುಗಳ ಸರಾಸರಿ 13. ಹಾಗಾಗಿ a = 52 − 13 = 39. ಜೂನ್‌ಗೆ t ಯ ಸರಾಸರಿ 18, ಮಟ್ಟ 201 − 18 = 183. ಜೂನ್‌ನ ಸಹಗುಣಕ 183 − 39 = 144. ಮಾರ್ಚ್‌ನ ಮಟ್ಟ 42 − 15 = 27, ಸಹಗುಣಕ −12. ಋಣ ಚಿಹ್ನೆ ಕಂಡು ಮಾರಾಟವೇ ಋಣವೇ ಎಂದು ಕೆಲವರು ಗಾಬರಿಯಾದರು. ಜನವರಿಗಿಂತ 12 ಡಜನ್ ಕಡಿಮೆ ಎಂದು ಅವರಿಂದಲೇ ಹೇಳಿಸಿದೆ.

ನಾಲ್ಕನೆಯ ವರ್ಷದ ಜೂನ್ ಎಂದರೆ t = 42. ಅಂದಾಜು 39 + 42 + 144 = 225 ಡಜನ್. ಮಾರ್ಚ್‌ಗೆ 39 + 39 − 12 = 66. ಸರಳರೇಖೆಯ 102 ಮತ್ತು 99ರ ಪಕ್ಕದಲ್ಲಿ ಇವನ್ನು ಬರೆದಾಗ ಬೇರೆ ವಿವರಣೆ ಬೇಕಾಗಲಿಲ್ಲ.

ನಂತರ ಜೂನ್ ಅನ್ನೇ ಆಧಾರ ಮಾಡಿ ಇದೇ ಲೆಕ್ಕ ಹಾಕಿಸಿದೆ. ಸ್ಥಿರಾಂಕ 183, ಜನವರಿಯ ಸಹಗುಣಕ −144. ಮುಂದಿನ ಜನವರಿಯ ಅಂದಾಜು ಹಳೆಯ ರೀತಿಯಲ್ಲಿ 39 + 37 = 76, ಹೊಸ ರೀತಿಯಲ್ಲಿ 183 + 37 − 144 = 76. ಆಧಾರ ಬದಲಾದರೆ ಸಹಗುಣಕಗಳು ಬದಲಾಗುತ್ತವೆ, ಅಂದಾಜು ಬದಲಾಗುವುದಿಲ್ಲ.

ಹಂತ 5: ಗಣಕದಲ್ಲಿ

ಎಕ್ಸೆಲ್ ಹಾಳೆಯಲ್ಲಿ B ಕಂಬದಲ್ಲಿ ತಿಂಗಳ ಸಂಖ್ಯೆ, C ಯಲ್ಲಿ ಮಾರಾಟ, D ಯಲ್ಲಿ t, E ಯಿಂದ O ವರೆಗೆ ಹನ್ನೊಂದು ಡಮ್ಮಿಗಳು. ಮೊದಲನೆಯ ಸೂತ್ರ ಜೂನ್ ಕಂಬದ ಮೊದಲ ಸಾಲಿಗೆ, ಎರಡನೆಯದು ಇಡೀ ಲೆಕ್ಕಕ್ಕೆ:

```
=IF($B2=6,1,0)
=LINEST(C2:C37,D2:O37,TRUE,FALSE)
```

ಎರಡು ಕಡೆ ಎಚ್ಚರ ಬೇಕು. `LINEST` ಸಹಗುಣಕಗಳನ್ನು ಹಿಂದುಮುಂದಾಗಿ ಕೊಡುತ್ತದೆ. ಎಡತುದಿಯಲ್ಲಿ ಡಿಸೆಂಬರ್, ಬಲತುದಿಯಲ್ಲಿ a, ಅದರ ಎಡಕ್ಕೆ b. ಇನ್ನೊಂದು, ಹನ್ನೆರಡನೆಯ ಡಮ್ಮಿಯನ್ನು ಸೇರಿಸಿದರೂ ಎಕ್ಸೆಲ್ ತಪ್ಪು ಎನ್ನುವುದಿಲ್ಲ. ಒಂದು ಕಂಬವನ್ನು ಸುಮ್ಮನೆ ಕೈಬಿಟ್ಟು ಅದರ ಸಹಗುಣಕವನ್ನು 0 ಎಂದು ತೋರಿಸುತ್ತದೆ. ಹಾಗೆ 0 ಕಂಡರೆ ಆ ತಿಂಗಳಿಗೆ ಋತುಪ್ರಭಾವ ಇಲ್ಲ ಎಂದು ಅರ್ಥವಲ್ಲ, ಅದೇ ಆಧಾರವಾಯಿತು ಎಂದರ್ಥ.

ವಿಧಾನದ ಮಿತಿ

ಒಂದೇ ವರ್ಷದ ಅಂಕಿ ಸಾಲದೇ ಎಂಬ ಪ್ರಶ್ನೆಗೆ ಲೆಕ್ಕವೇ ಉತ್ತರ ಕೊಡುತ್ತದೆ. ಅಂಕಿಗಳು ಹನ್ನೆರಡು, ಕಂಡುಹಿಡಿಯಬೇಕಾದ ಸಹಗುಣಕಗಳು ಹದಿಮೂರು. ಒಂದು ಜೂನ್ ಮಾತ್ರ ಇದ್ದಾಗ ಅದನ್ನು ಹೋಲಿಸಲು ಇನ್ನೊಂದು ಜೂನ್ ಇಲ್ಲ. ಬೆಳವಣಿಗೆ, ಋತು ಎರಡನ್ನೂ ಬೇರ್ಪಡಿಸಲು ಯಾವ ಸೂತ್ರಕ್ಕೂ ಸಾಧ್ಯವಿಲ್ಲ. ಎರಡು ಪೂರ್ಣ ವರ್ಷಗಳಾದರೂ ಬೇಕು, ಮೂರಿದ್ದರೆ ಶೇಷಗಳನ್ನು ನೋಡಿ ಪರೀಕ್ಷಿಸಲೂ ಆಗುತ್ತದೆ.

ಶೇಷ ಎಂದರೆ ನಿಜವಾದ ಮಾರಾಟದಿಂದ ಅಂದಾಜನ್ನು ಕಳೆದರೆ ಉಳಿಯುವುದು. ನಮ್ಮ ಜೂನ್‌ಗೆ ಅವು −1, −1, 2. ಇವು ಚಿಕ್ಕವು. ಅಂಗಡಿ ಬೆಳೆದಂತೆ ಜೂನ್‌ನ ಏರಿಕೆಯೂ ಹಿಗ್ಗುತ್ತಿದ್ದರೆ, ಜೂನ್‌ನ ಶೇಷಗಳು ಮೊದಲ ವರ್ಷ ದೊಡ್ಡ ಋಣ, ಕೊನೆಯ ವರ್ಷ ದೊಡ್ಡ ಧನ ಆಗುತ್ತವೆ. ಆಗ ಮಾರಾಟದ ಬದಲು ಅದರ ಲಾಗರಿದಮ್ ತೆಗೆದುಕೊಂಡು ಇದೇ ಸಮೀಕರಣ ಹೊಂದಿಸಬೇಕು.

ಇನ್ನೊಂದು ಮಿತಿ ನಮ್ಮ ಪಂಚಾಂಗದಿಂದ ಬರುತ್ತದೆ. ಶಾಲೆ ತೆರೆಯುವ ಕಾಲ ಹೆಚ್ಚು ಕದಲುವುದಿಲ್ಲ, ದೀಪಾವಳಿ ಕದಲುತ್ತದೆ. ದೀಪಾವಳಿ ಅಮಾವಾಸ್ಯೆಯ ಪೂಜೆ 2021ರಲ್ಲಿ ನವೆಂಬರ್ 4, 2022ರಲ್ಲಿ ಅಕ್ಟೋಬರ್ 24, 2023ರಲ್ಲಿ ನವೆಂಬರ್ 12. ಬಟ್ಟೆ ಅಂಗಡಿಯ ಅಂಕಿಗಳಿಗೆ ಬರೀ ತಿಂಗಳ ಡಮ್ಮಿ ಹಾಕಿದರೆ ಹಬ್ಬದ ವ್ಯಾಪಾರ ಅಕ್ಟೋಬರ್, ನವೆಂಬರ್ ಎರಡಕ್ಕೂ ಹಂಚಿಹೋಗಿ, ಎರಡೂ ತಿಂಗಳ ಅಂದಾಜು ಪ್ರತಿ ವರ್ಷ ಏರುಪೇರಾಗುತ್ತದೆ. ಒಂದರ ಶೇಷ ಧನವಾದ ವರ್ಷ ಇನ್ನೊಂದರದು ಋಣವಾಗಿದ್ದರೆ ಅದೇ ಗುರುತು. ಇದಕ್ಕೆ ಒಂದು ಹೆಚ್ಚಿನ ಚರ ಸಾಕು: ಹಬ್ಬದ ದಿನವೂ ಸೇರಿ ಅದಕ್ಕೆ ಮುಂಚಿನ 15 ದಿನಗಳಲ್ಲಿ ಎಷ್ಟು ಈ ತಿಂಗಳಿಗೆ ಬಿದ್ದವು ಎಂಬುದು. 2021ರ ಅಕ್ಟೋಬರ್‌ಗೆ 11, ನವೆಂಬರ್‌ಗೆ 4. 2022ರಲ್ಲಿ 15 ಮತ್ತು 0. 2023ರಲ್ಲಿ 3 ಮತ್ತು 12. ಈ ಎಣಿಕೆಯನ್ನು ವಿದ್ಯಾರ್ಥಿಗಳು ಕ್ಯಾಲೆಂಡರ್ ಹಿಡಿದು ತಾವೇ ಮಾಡಿದರು.

ಮೌಲ್ಯಮಾಪನ

ಕೊನೆಗೆ ಮೂರು ಪ್ರಶ್ನೆ ಕೊಟ್ಟೆ. ಮೇ ತಿಂಗಳ ಸಹಗುಣಕ ಕಂಡುಹಿಡಿಯಿರಿ (46). ಡಿಸೆಂಬರ್‌ನ ಸಹಗುಣಕ −1 ಎಂಬುದನ್ನು ಅಂಗಡಿಯವರಿಗೆ ಅರ್ಥವಾಗುವಂತೆ ಒಂದು ವಾಕ್ಯದಲ್ಲಿ ಹೇಳಿ. ಜೂನ್ ಆಧಾರವಾದರೆ ಮೇ ತಿಂಗಳ ಸಹಗುಣಕ ಎಷ್ಟು (−98)? ಮೊದಲನೆಯದನ್ನು ಹೆಚ್ಚಿನವರು ಬಿಡಿಸಿದರು. ಪಾಠ ತಿಳಿದಿದೆಯೇ ಎಂದು ತೋರಿಸಿದ್ದು ಎರಡನೆಯದು. ‘ಡಿಸೆಂಬರ್‌ನಲ್ಲಿ ಮಾರಾಟ ಒಂದು ಕಡಿಮೆ’ ಎಂದು ನಿಲ್ಲಿಸಿದವರಿಗೆ ‘ಯಾವುದಕ್ಕಿಂತ?’ ಎಂದು ಕೇಳಿದೆ. ನಮ್ಮ ಕೋಷ್ಟಕದಲ್ಲಿ ಪ್ರತಿ ವರ್ಷವೂ ಡಿಸೆಂಬರ್‌ನ ಅಂಕಿ ಅದೇ ವರ್ಷದ ಜನವರಿಗಿಂತ ಹೆಚ್ಚೇ ಇದೆ. ಆ ಹೆಚ್ಚಳ ಹನ್ನೊಂದು ತಿಂಗಳ ಬೆಳವಣಿಗೆಯಿಂದ ಬಂದದ್ದು, ಅದನ್ನು ತೆಗೆದರೆ ಡಿಸೆಂಬರ್ ಜನವರಿಗಿಂತ ಒಂದು ಡಜನ್ ಕೆಳಗೆ ಎಂದು ಒಬ್ಬ ವಿದ್ಯಾರ್ಥಿನಿ ಕೋಷ್ಟಕ ತೋರಿಸಿ ವಿವರಿಸಿದಳು. ಈ ಘಟಕವನ್ನು ಬೋಧಿಸುವ ಸಹಪಾಠಿಗಳು ಮೌಲ್ಯಮಾಪನದಲ್ಲಿ ಡಿಸೆಂಬರ್‌ನ ಪ್ರಶ್ನೆಯನ್ನು ಬಿಡಬಾರದೆಂದು ಕೋರುತ್ತೇನೆ. ಪ್ರವೃತ್ತಿ ಮತ್ತು ಋತು ಬೇರೆ ಬೇರೆ ಎಂಬುದನ್ನು ಆ ಒಂದು ಅಂಕಿಯೇ ಪರೀಕ್ಷಿಸುತ್ತದೆ.